ಫ್ರೇಮಿಗಾಗಿ ಫೋಟೊ ಪ್ರಿಂಟ್: ಅಳತೆ, ಹೊಳಪು, ಕಾಗದ ಆರಿಸುವ ಬಗೆ

ಮೊಬೈಲಿನಲ್ಲಿರುವ ಮೆಚ್ಚಿನ ಚಿತ್ರವನ್ನು ಪ್ರಿಂಟ್ ಹಾಕಿಸಲು ಹೋದಾಗ ಸ್ಟುಡಿಯೊದವರು ಮೊದಲು ಕೇಳುವುದು ಸೈಜು. ಹೆಚ್ಚಿನವರು ಕೌಂಟರಿನ ಮುಂದೆ ನಿಂತೇ ‘ಎಂಟು ಹನ್ನೆರಡು’ ಎಂದು ಹೇಳಿಬಿಡುತ್ತಾರೆ. ಮನೆಗೆ ಬಂದು ಲಕೋಟೆ ತೆರೆದಾಗ ಅಜ್ಜಿಯ ತುರುಬು ಅರ್ಧ ಕತ್ತರಿಸಿಹೋಗಿರುತ್ತದೆ. ಇದು ಸ್ಟುಡಿಯೊದವರ ತಪ್ಪಲ್ಲ, ಲೆಕ್ಕದ ತಪ್ಪು.

ಒಂದು ಉದಾಹರಣೆ ನೋಡೋಣ. ಜಗಲಿಯ ಮೇಲೆ ಮೊಮ್ಮಕ್ಕಳ ನಡುವೆ ಕುಳಿತ ಅಜ್ಜಿಯ ಅಡ್ಡ ಚಿತ್ರವೊಂದಿದೆ ಎಂದುಕೊಳ್ಳಿ. ಫೋನಿನಲ್ಲಿ ತೆಗೆದ ಈ ಚಿತ್ರದ ವಿವರಗಳನ್ನು ತೆರೆದರೆ 4000 x 3000 ಪಿಕ್ಸೆಲ್ ಎಂದು ಕಾಣುತ್ತದೆ. ಅಂದರೆ ಅದರ ಉದ್ದ 4 ಪಾಲಾದರೆ ಎತ್ತರ 3 ಪಾಲು. ಉದ್ದವನ್ನು 12 ಇಂಚು ಮಾಡಿದಾಗ ಎತ್ತರ 9 ಇಂಚು ಆಗಲೇಬೇಕು. 8 x 12ರ ಕಾಗದವನ್ನು ಪೂರ್ತಿ ತುಂಬಿಸಿದರೆ ಮೇಲೆ ಕೆಳಗೆ ಸೇರಿ 1 ಇಂಚು ಹೋಗುತ್ತದೆ. ಆದ್ದರಿಂದ 10 x 12ರ ಕಾಗದದ ಮೇಲೆ ಚಿತ್ರವನ್ನು 9 x 12 ಅಳತೆಯಲ್ಲಿಯೇ ಇಟ್ಟು, ಮೇಲೆ ಕೆಳಗೆ ಅರ್ಧರ್ಧ ಇಂಚು ಬಿಳಿ ಬಿಡುವಂತೆ ಹೇಳುವುದು ಒಳ್ಳೆಯದು.

ಅಷ್ಟು ದೊಡ್ಡದು ಮಾಡಿದರೆ ಚಿತ್ರ ಮಸುಕಾಗುವುದಿಲ್ಲವೇ? 4000 ಪಿಕ್ಸೆಲ್‌ಗಳನ್ನು 12 ಇಂಚಿಗೆ ಹಂಚಿದರೆ ಇಂಚಿಗೆ ಸುಮಾರು 333 ಬರುತ್ತದೆ. ಕೈಯಲ್ಲಿ ಹಿಡಿದು ನೋಡುವ ಪ್ರಿಂಟಿಗೆ 300 ಇದ್ದರೆ ಸಾಕು. ಗೋಡೆಯ ಮೇಲೆ ದೂರದಿಂದ ನೋಡುವುದಕ್ಕೆ 200 ಕೂಡ ನಡೆಯುತ್ತದೆ. ಆದರೆ ಅದೇ ಚಿತ್ರ ವಾಟ್ಸ್ಆ್ಯಪ್ ಮೂಲಕ ಬಂದಿದ್ದು, ಕುಗ್ಗಿ 1600 x 1200 ಆಗಿದ್ದರೆ ಇಂಚಿಗೆ 133 ಮಾತ್ರ ಉಳಿಯುತ್ತದೆ. ಆಗ ಕೂದಲಿನ ಎಳೆಗಳೂ ಸೀರೆಯ ಅಂಚಿನ ಗೆರೆಗಳೂ ಒಂದರೊಳಗೊಂದು ಕಲೆಸಿದಂತೆ ಕಾಣುತ್ತವೆ. ಚಿತ್ರ ತೆಗೆದವರಿಂದ ಮೂಲ ಕಡತವನ್ನು ಡಾಕ್ಯುಮೆಂಟ್ ರೂಪದಲ್ಲಿ ತರಿಸಿಕೊಳ್ಳಿ. ಅದು ಸಿಗದಿದ್ದರೆ 6 x 8ಕ್ಕೆ ತೃಪ್ತರಾಗಿ.

ಹೊಳಪಿನ ವಿಷಯವನ್ನು ಗೋಡೆಯನ್ನು ನೋಡಿ ತೀರ್ಮಾನಿಸಬೇಕು. ಗ್ಲಾಸಿ ಕಾಗದದಲ್ಲಿ ಕಪ್ಪು ಗಾಢವಾಗಿ, ಬಣ್ಣಗಳು ತುಂಬಿ ಬರುತ್ತವೆ ಎಂಬುದು ನಿಜ. ಆದರೆ ಗಾಜಿನ ಹಿಂದೆ ಇಟ್ಟಾಗ ಹೊಳೆಯುವ ಮೇಲ್ಮೈಗಳು ಹೆಚ್ಚಾಗಿ, ಎದುರು ಕಿಟಕಿಯಿದ್ದರೆ ಅಜ್ಜಿಯ ಮುಖದ ಬದಲು ಕಿಟಕಿಯ ಸರಳುಗಳೇ ಕಾಣುತ್ತವೆ. ಮಳೆಗಾಲದಲ್ಲಿ ಇನ್ನೊಂದು ತೊಂದರೆಯಿದೆ: ತೇವಕ್ಕೆ ಮೆತ್ತಗಾದ ಗ್ಲಾಸಿ ಮೇಲ್ಮೈ ಗಾಜಿಗೆ ಅಂಟಿಕೊಂಡು, ಎಣ್ಣೆ ಬಿದ್ದಂತೆ ಕಲೆಗಳು ಮೂಡುತ್ತವೆ. ಹಾಗೆ ಅಂಟಿದ್ದ ಒಂದು ಮದುವೆ ಫೋಟೊವನ್ನು ಬಿಡಿಸಲು ಹೋಗಿ ನಾನು ಅದರ ಒಂದು ಮೂಲೆಯ ಬಣ್ಣವನ್ನೇ ಕಿತ್ತಿದ್ದೇನೆ. ಪೂರ್ತಿ ಮ್ಯಾಟ್ ಕಾಗದಕ್ಕೆ ಈ ಪ್ರತಿಫಲನದ ಕಾಟ ಕಡಿಮೆ, ಆದರೆ ಕಪ್ಪು ತುಸು ಬೂದಿಯಾಗುತ್ತದೆ. ಇವೆರಡರ ನಡುವಿನ, ಸಣ್ಣ ತರಿತರಿಯಾದ ಲಸ್ಟರ್ ಮನೆಯ ಫ್ರೇಮಿಗೆ ಹೆಚ್ಚು ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ.

ಹತ್ತಿಯ ನಾರಿನ ದುಬಾರಿ ಕಾಗದದ ಸೊಗಸು ಅದರ ಮೇಲ್ಮೈಯಲ್ಲಿದೆ. ಗಾಜಿನ ಹಿಂದೆ ಅದರ ಬಹುಪಾಲು ಕಾಣುವುದೇ ಇಲ್ಲ. ಕಪ್ಪು-ಬಿಳುಪಿನ ಚಿತ್ರವನ್ನು ದೀರ್ಘಕಾಲ ಉಳಿಸಿಕೊಳ್ಳಬೇಕೆಂದಿದ್ದರೆ ಮಾತ್ರ, ಅದೂ ಪಿಗ್ಮೆಂಟ್ ಶಾಯಿಯಲ್ಲಿ ಮುದ್ರಿಸುವವರಿದ್ದರೆ, ಆ ಖರ್ಚು ಮಾಡಬಹುದು.

ದೊಡ್ಡ ಪ್ರಿಂಟಿಗೆ ಮೊದಲು ಒಂದು ಪರೀಕ್ಷೆ ಮಾಡಿ. ಮುಖಗಳಿರುವ ಕಡೆಯಿಂದ 2000 x 1333 ಪಿಕ್ಸೆಲ್‌ಗಳಷ್ಟು ಭಾಗವನ್ನು ಕತ್ತರಿಸಿ, ಅದನ್ನು 4 x 6 ಅಳತೆಯಲ್ಲಿ ಲಸ್ಟರ್ ಮತ್ತು ಮ್ಯಾಟ್ ಎರಡರಲ್ಲಿಯೂ ಹಾಕಿಸಿ. ಆ ತುಣುಕಿನಲ್ಲಿ ಮುಖ ಎಷ್ಟು ದೊಡ್ಡದಾಗಿದೆಯೋ 9 x 12ರಲ್ಲಿಯೂ ಅಷ್ಟೇ ಇರುತ್ತದೆ. ಎರಡನ್ನೂ ಫ್ರೇಮ್ ಬರುವ ಜಾಗದಲ್ಲಿಯೇ ಅಂಟಿಸಿ, ಹಗಲಿನಲ್ಲಿ ಒಮ್ಮೆ, ರಾತ್ರಿ ದೀಪ ಹಾಕಿ ಒಮ್ಮೆ ನೋಡಿ. ಪ್ರಿಂಟ್ ಫೋನಿಗಿಂತ ಮಂಕಾಗಿ ಕಂಡರೆ, ಪರದೆಯ ಬೆಳಕನ್ನು ಅರ್ಧಕ್ಕಿಳಿಸಿ ಹೋಲಿಸಿ. ಆಗಲೂ ಮಂಕೆನಿಸಿದರೆ ಚಿತ್ರವನ್ನು ಸ್ವಲ್ಪ ತಿಳಿಯಾಗಿಸಲು ಹೇಳಿ.

ಫ್ರೇಮ್ ಕಟ್ಟಿಸುವಾಗ ಮೌಂಟ್ ಬೋರ್ಡ್, ಅಂದರೆ ನಡುವೆ ಕಿಂಡಿ ಕತ್ತರಿಸಿದ ದಪ್ಪ ರಟ್ಟು, ಬೇಕೆಂದು ಕೇಳಿ. ಅದು ಬರೀ ಅಲಂಕಾರವಲ್ಲ, ಫೋಟೊ ಗಾಜಿಗೆ ತಾಗದಂತೆ ಅಂತರ ಕೊಡುವುದೇ ಅದರ ಮುಖ್ಯ ಕೆಲಸ. ನಮ್ಮ ಚಿತ್ರಕ್ಕೆ ಮೌಂಟಿನ ಕಿಂಡಿ ಉದ್ದ, ಎತ್ತರ ಎರಡರಲ್ಲಿಯೂ ಚಿತ್ರಕ್ಕಿಂತ ಕಾಲು ಇಂಚಷ್ಟೇ ಕಡಿಮೆ, ಅಂದರೆ 8¾ x 11¾ ಇರಲಿ. ಆಗ 12 x 15ರ ಫ್ರೇಮಿನಲ್ಲಿ ಸುತ್ತಲೂ ಒಂದೂವರೆ ಇಂಚಿಗಿಂತ ತುಸು ಹೆಚ್ಚಿನ ಅಂಚು ಕಾಣುತ್ತದೆ, ಬಿಳಿ ಬಿಟ್ಟ ಭಾಗ ಹಿಂದೆ ಮರೆಯಾಗುತ್ತದೆ. ಫೋಟೊವನ್ನು ಮೇಲಂಚಿನಲ್ಲಿ ಮಾತ್ರ ಟೇಪಿನಿಂದ ಮೌಂಟಿನ ಹಿಂಬದಿಗೆ ಅಂಟಿಸಲು ಹೇಳಿ. ನಾಲ್ಕೂ ಕಡೆ ಬಿಗಿದರೆ ತೇವಕ್ಕೆ ಹಿಗ್ಗುವ ಕಾಗದಕ್ಕೆ ಸರಿಯಲು ಜಾಗವಿಲ್ಲದೆ ಅದು ಅಲೆಅಲೆಯಾಗಿ ಉಬ್ಬುತ್ತದೆ.