ಹಲ್ಲಿನ ಕ್ಲಿನಿಕ್ಕಿಗೆ ಲೆಡ್ಜರ್ ಕಟ್ಟಿದ್ದು: ನನ್ನ ಅನುಭವ

ನನ್ನ ತಂಗಿ ದಾವಣಗೆರೆಯ ವಿದ್ಯಾನಗರದಲ್ಲಿ ಹಲ್ಲಿನ ಕ್ಲಿನಿಕ್ ಶುರು ಮಾಡಿದಾಗ ಲೆಕ್ಕದ ಕೆಲಸ ನನ್ನ ತಲೆಗೆ ಬಂತು. ನಾನು ಎಪಿಎಂಸಿಯಲ್ಲಿ ಮೆಕ್ಕೆಜೋಳದ ಮಂಡಿಗಳ ಟ್ಯಾಲಿ ನೋಡಿಕೊಳ್ಳುವವನು. ಮಂಡಿಯಲ್ಲಿ ಪ್ರತಿ ಪಾರ್ಟಿಗೂ ಒಂದು ಲೆಡ್ಜರ್ ಇರಲೇಬೇಕು. ಕ್ಲಿನಿಕ್ಕಿಗೆ ಅದು ಬೇಡ. ರೋಗಿಗಳ ಹೆಸರು, ಬಾಕಿ ಎಲ್ಲ ದಿನದ ಕೇಸ್ ರಿಜಿಸ್ಟರಿನಲ್ಲಿ ಇರಲಿ, ಟ್ಯಾಲಿಗೆ ದಿನದ ಮೊತ್ತ ಬಂದರೆ ಸಾಕು.

ಆದಾಯಕ್ಕೆ `Direct Incomes` ಅಡಿ ಐದೇ ಲೆಡ್ಜರ್ ಮಾಡಿದೆ: ತಪಾಸಣೆ ಮತ್ತು ಎಕ್ಸ್‌ರೇ, ಫಿಲ್ಲಿಂಗ್ ಮತ್ತು ರೂಟ್ ಕೆನಾಲ್, ಹಲ್ಲು ಕೀಳುವುದು, ಕ್ಯಾಪ್-ಸೆಟ್ಟು, ತಂತಿ. "ಅಣ್ಣ, ಸ್ಕೇಲಿಂಗಿಗೆ ಬೇರೆ ಬೇಡ್ವಾ?" ಅಂದಳು. ಬೇಡ, ಫಿಲ್ಲಿಂಗ್ ಜೊತೆಗೇ ಹೋಗಲಿ ಅಂದೆ. ಬೇರೆ ಲೆಡ್ಜರ್ ಬೇಕಾಗುವುದು ಅದರ ಎದುರು ಬೇರೆ ಖರ್ಚು ಇದ್ದಾಗ. ಕ್ಯಾಪಿಗೆ ಲ್ಯಾಬ್ ಬಿಲ್ ಬರುತ್ತದೆ, ತಂತಿಗೆ ಹೊರಗಿಂದ ಬರುವ ಡಾಕ್ಟರ ಫೀಸು ಇರುತ್ತದೆ. ಅದಕ್ಕೇ `Direct Expenses` ಅಡಿ ಲ್ಯಾಬ್ ಚಾರ್ಜು, ವಿಸಿಟಿಂಗ್ ಡಾಕ್ಟರ್ ಫೀಸು, ಸಾಮಗ್ರಿ ಅಂತ ಮೂರು ಇಟ್ಟೆ. ತಿಂಗಳ ಕೊನೆಗೆ ಕ್ಯಾಪಿನ ಆದಾಯದ ಪಕ್ಕ ಲ್ಯಾಬ್ ಚಾರ್ಜು ಇಟ್ಟು ನೋಡುತ್ತೇನೆ. ಲ್ಯಾಬ್ ಚಾರ್ಜು ಮಾತ್ರ ಏರಿದ್ದರೆ ಯಾವುದೋ ಕ್ಯಾಪ್ ಎರಡನೇ ಸಲ ಮಾಡಿಸಿರಬೇಕು, ಇಲ್ಲ ಕೂರಿಸಿದ ಕ್ಯಾಪಿಗೆ ಬಿಲ್ ಆಗಿಲ್ಲ, ಇಲ್ಲವೇ ಹಿಂದಿನ ತಿಂಗಳ ಲ್ಯಾಬ್ ಬಿಲ್ ಈಗ ಬಂದಿದೆ.

ಇನ್ನು ದುಡ್ಡು ಬರುವ ದಾರಿ. ನನ್ನ ಪ್ರಕಾರ ಇಡೀ ಪಟ್ಟಿಯಲ್ಲಿ ತಲೆ ಕೆಡಿಸಿಕೊಳ್ಳಬೇಕಾದದ್ದು ಇಲ್ಲೇ. ಕೌಂಟರ್ ಕ್ಯಾಶ್ ಒಂದು, ಕರೆಂಟ್ ಅಕೌಂಟ್ ಒಂದು, ಇವೆರಡರ ನಡುವೆ `Current Assets` ಅಡಿ "ಕಾರ್ಡಿನಿಂದ ಬರಬೇಕಾದದ್ದು" ಅಂತ ಇನ್ನೊಂದು. ಕಾರ್ಡ್ ಉಜ್ಜಿದ ಕೂಡಲೇ ದುಡ್ಡು ಬ್ಯಾಂಕಿಗೆ ಬಂದಿರುವುದಿಲ್ಲ, ಸಾಮಾನ್ಯವಾಗಿ ಮುಂದಿನ ಕೆಲಸದ ದಿನ ಬರುತ್ತದೆ, ಅದೂ ಕಮಿಷನ್ ಮುರಿದುಕೊಂಡು.

ಒಂದು ಕೇಸು ನೋಡಿ. ರೂಟ್ ಕೆನಾಲಿಗೆ 4,000 ರೂಪಾಯಿ ಕ್ಯಾಶ್ ಕೊಟ್ಟರು, ಆಮೇಲೆ ಕ್ಯಾಪ್ ಕೂರಿಸಿದ ದಿನ 6,000 ಕ್ರೆಡಿಟ್ ಕಾರ್ಡಿನಲ್ಲಿ ಕೊಟ್ಟರು. ಕ್ಯಾಶಿಗೆ `Receipt` ವೋಚರ್, ಅಷ್ಟೇ. ಕಾರ್ಡಿಗೆ ಅವತ್ತೇ `Journal` ಹಾಕುತ್ತೇನೆ:

```
Dr ಕಾರ್ಡಿನಿಂದ ಬರಬೇಕಾದದ್ದು   6,000.00
Cr ಕ್ಯಾಪ್-ಸೆಟ್ಟು              6,000.00
```

ನಮ್ಮ ಮಷಿನ್‌ಗೆ ಕ್ರೆಡಿಟ್ ಕಾರ್ಡ್ ಕಮಿಷನ್ 1.8%, ಅಂದರೆ 108 ರೂಪಾಯಿ. ಅದರ ಮೇಲೆ 18% ಜಿಎಸ್‌ಟಿ 19.44. ಮಾರನೇ ದಿನ ಬ್ಯಾಂಕಿಗೆ 5,872.56 ಬಂದಾಗ `Receipt`:

```
Dr ಕರೆಂಟ್ ಅಕೌಂಟ್            5,872.56
Dr ಕಾರ್ಡ್ ಕಮಿಷನ್              127.44
Cr ಕಾರ್ಡಿನಿಂದ ಬರಬೇಕಾದದ್ದು   6,000.00
```

ಬ್ಯಾಂಕಿಗೆ ಬಂದದ್ದನ್ನೇ ಆದಾಯ ಅಂತ ಬರೆದುಬಿಟ್ಟರೆ ರಿಜಿಸ್ಟರಿನಲ್ಲಿ 6,000, ಪುಸ್ತಕದಲ್ಲಿ 5,872.56, ಎರಡೂ ಯಾವತ್ತೂ ತಾಳೆ ಆಗುವುದಿಲ್ಲ, ಕಮಿಷನ್ ವರ್ಷಕ್ಕೆ ಎಷ್ಟು ಹೋಯಿತು ಅಂತಲೂ ಗೊತ್ತಾಗುವುದಿಲ್ಲ. ಆ ಜಿಎಸ್‌ಟಿಯನ್ನು ಬೇರೆ ತೆಗೆದಿಡಬೇಕಾಗಿಲ್ಲ. ಚಿಕಿತ್ಸೆಗೆ ಜಿಎಸ್‌ಟಿ ವಿನಾಯಿತಿ ಇರುವುದರಿಂದ ಅದು ವಾಪಸ್ ಸಿಗುವುದಿಲ್ಲ, ಪೂರ್ತಿ ಖರ್ಚೇ. ಬರೀ ಅಂದಕ್ಕಾಗಿ ಮಾಡುವ ಕೆಲಸ ಶುರುವಾದರೆ ಮಾತ್ರ ಅದರ ಆದಾಯಕ್ಕೆ ಆರನೇ ಲೆಡ್ಜರ್ ತೆಗೆಯುತ್ತೇನೆ, ಅದಕ್ಕೂ ವಿನಾಯಿತಿ ಇದೆಯಾ ಅಂತ ಪ್ರಶ್ನೆ ಬಂದಾಗ ಮೊತ್ತ ಕೈಗೆ ಸಿಗಬೇಕಲ್ವಾ.

ಫೋನ್‌ಪೇ, ಗೂಗಲ್‌ಪೇ ತರದ ಯುಪಿಐ ನಮ್ಮಲ್ಲಿ ಆಗಿಂದಾಗಲೇ ಕರೆಂಟ್ ಅಕೌಂಟಿಗೇ ಬೀಳುತ್ತದೆ, ಹಾಗಾಗಿ ನೇರ ಬ್ಯಾಂಕ್ ರಸೀದಿ. ನಿಮ್ಮ ಕ್ಯೂಆರ್ ಕಂಪನಿ ದಿನದ ದುಡ್ಡನ್ನೆಲ್ಲ ಒಟ್ಟು ಮಾಡಿ ಮಾರನೇ ದಿನ ಹಾಕುವುದಾದರೆ ಅದಕ್ಕೂ ಕಾರ್ಡಿನ ತರವೇ ನಡುವೆ ಒಂದು ಲೆಡ್ಜರ್ ಬೇಕು.

ಕೌಂಟರ್ ಕ್ಯಾಶಿಗೆ ಒಂದೇ ನಿಯಮ: ಡ್ರಾಯರಿನಿಂದ ಹೋಗುವ ಪ್ರತಿ ರೂಪಾಯಿಗೂ ಚೀಟಿ. ತಂಗಿ ಸಂಜೆ ತರಕಾರಿಗೆ ಐನೂರು ತೆಗೆದುಕೊಂಡರೂ ಚೀಟಿ ಬೀಳುತ್ತದೆ, ಅದು `Capital Account` ಅಡಿ ಡ್ರಾಯಿಂಗ್ಸಿಗೆ ಹೋಗುತ್ತದೆ, ಕ್ಲಿನಿಕ್ ಖರ್ಚಿಗಲ್ಲ. ಮೊದಮೊದಲು ಗೊಣಗಿದಳು. ಈಗ ರಿಸೆಪ್ಷನ್ ಹುಡುಗಿಯೇ ಚೀಟಿ ಪುಸ್ತಕ ಮುಂದೆ ಹಿಡಿಯುತ್ತಾಳೆ.

ಕಾರ್ಡ್ ಲೆಡ್ಜರ್ ಸರಿ ಇದೆಯಾ ಅಂತ ನೋಡುವುದು ಸುಲಭ. ಯಾವ ದಿನ ತೆಗೆದರೂ ಅದರಲ್ಲಿ ಕೊನೆಯ ಒಂದೆರಡು ದಿನದ ಸ್ವೈಪ್ ಅಷ್ಟೇ ಉಳಿದಿರಬೇಕು, ರಜೆ ಬಂದಿದ್ದರೆ ಸ್ವಲ್ಪ ಜಾಸ್ತಿ. ವಾರದ ಹಿಂದಿನ ಮೊತ್ತ ಇನ್ನೂ ಅಲ್ಲೇ ಕೂತಿದ್ದರೆ ರಾತ್ರಿ ಮಷಿನ್‌ನಲ್ಲಿ ಸೆಟ್ಲ್‌ಮೆಂಟ್ ಆಗಿಲ್ಲ, ಇಲ್ಲ ಫೇಲ್ ಆದ ಸ್ವೈಪನ್ನು ರಿಜಿಸ್ಟರಿನಲ್ಲಿ ಬರೆದಿದ್ದಾರೆ. ಬಾಕಿ ಮೈನಸ್ ತೋರಿಸಿದರೆ ಯಾವುದೋ ಸ್ವೈಪ್ ಕ್ಯಾಶ್ ಅಂತ ನಮೂದಾಗಿದೆ. ಆಗ ಅವತ್ತಿನ ಡ್ರಾಯರಿನಲ್ಲೂ ಅಷ್ಟೇ ಮೊತ್ತ ಕಡಿಮೆ ಬಂದಿರುತ್ತದೆ, ಹಾಗಾಗಿ ಹುಡುಗಿಯ ಮೇಲೆ ಅನುಮಾನ ಪಡುವ ಮೊದಲು ಮಷಿನ್ ಚೀಟಿ ಎಣಿಸುತ್ತೇನೆ. ಮಾರ್ಚ್ 31ರ ಸ್ವೈಪ್ ಏಪ್ರಿಲ್‌ನಲ್ಲಿ ಬಂದರೆ ಅಲ್ಲೇ ಬಾಕಿ ಇರಲಿ, ಆದಾಯ ಮಾರ್ಚಿಗೇ ಸೇರಿರುತ್ತದೆ, ಮತ್ತೆ ಬರೆಯಬೇಕಾಗಿಲ್ಲ.