ಆಪರೇಟರ್‌ಗಿಂತ ಮೊದಲು ಗೇಜ್ ಹಿಡಿಯೋನು: ನಮ್ಮ ಶೆಡ್‌ನ ಮೊದಲ ಹತ್ತು ಜನ

ನಮ್ಮದು ಬೆಳಗಾವಿ ಉದ್ಯಮಬಾಗದ ಒಂದು ಚಿಕ್ಕ ಶೆಡ್. ಎರಡು ಸಿಎನ್‌ಸಿ ಲೇತ್, ಒಂದು ವಿಎಂಸಿ, ಒಂದು ಡ್ರಿಲ್ಲಿಂಗ್ ಮಷೀನ್. ಫೌಂಡ್ರಿಯಿಂದ ಕಾಸ್ಟಿಂಗ್ ತಂದು ಮಷಿನಿಂಗ್ ಮಾಡಿ ಕೊಡೋ ಜಾಬ್ ವರ್ಕ್. ಮೊದಲ ಆರು ವರ್ಷ ಮನೆಯವರೇ ನಡೆಸಿದೆವು. ನಾನು ಸೆಟ್ಟಿಂಗ್, ತಮ್ಮ ಆಪರೇಟಿಂಗ್, ಅಪ್ಪ ಡ್ರಿಲ್ಲಿಂಗ್, ಹೆಂಡತಿ ಬಿಲ್ಲು ಚಲನ್. ಈಗ ಹೊರಗಿನವರು ಹತ್ತು ಜನ ಇದ್ದಾರೆ. ಯಾರನ್ನು ಯಾವ ಕೆಲಸಕ್ಕೆ ಮೊದಲು ತಗೊಂಡೆ ಅನ್ನೋದರ ಬಗ್ಗೆ ಅಕ್ಕಪಕ್ಕದ ಶೆಡ್‌ನವರು ಇನ್ನೂ ಕೇಳ್ತಾರೆ. ಅದಕ್ಕೇ ಬರೀತಿದ್ದೇನೆ.

ಮೊದಲು ನಾನೂ ಎಲ್ಲರ ಹಾಗೇ ಮಾಡಿದ್ದೆ. ಆರ್ಡರ್ ಜಾಸ್ತಿ ಆಯ್ತು, ಇಬ್ಬರು ಐಟಿಐ ಹುಡುಗರನ್ನು ಆಪರೇಟರ್ ಅಂತ ಇಟ್ಟುಕೊಂಡೆ. ಪಗಾರ ಒಬ್ಬೊಬ್ಬರಿಗೆ ಹದಿನಾರು ಸಾವಿರದ ಆಸುಪಾಸು. ಎರಡು ತಿಂಗಳಾದರೂ ತಿಂಗಳಿಗೆ ಹೋಗೋ ಮಾಲು ಹಿಂದಿನಷ್ಟೇ. ಲೋಹ ಕೊರೆಯೋ ಟಿಪ್ ಸವೆದರೆ ನನ್ನ ಹತ್ತಿರ ಬರೋರು, ಜಾಬ್ ಬದಲಾದರೆ ನನ್ನ ಹತ್ತಿರ ಬರೋರು. ನಾನು ಫೌಂಡ್ರಿಗೆ ಹೋದರೆ ಮಷೀನ್ ನಿಂತೇ ಇರೋದು.

ನಿಂತಿದ್ದರೆ ವಾಸಿ ಇತ್ತು. ಒಂದು ದಿನ ನಾನು ಕಾಸ್ಟಿಂಗ್ ತರಲು ಹೋಗಿದ್ದಾಗ ಹುಡುಗ ಧೈರ್ಯ ಮಾಡಿ ತಾನೇ ಟಿಪ್ ಬದಲಿಸಿ ಆಫ್‌ಸೆಟ್, ಅಂದರೆ ಅಳತೆಯ ತಿದ್ದುಪಡಿ ಕೊಟ್ಟ. 0.01 ಮಿ.ಮೀ. ಕೊಡೋ ಕಡೆ 0.1 ಒತ್ತಿದ. 35 ಎಚ್7 ಬೋರ್, ಅಂದರೆ 35 ಮಿ.ಮೀ. ರಂಧ್ರಕ್ಕೆ ಮೇಲಕ್ಕೆ 25 ಮೈಕ್ರಾನ್ ಮಾತ್ರ ಬಿಡುವು. ಪ್ಲಗ್ ಗೇಜ್ ಹಾಕಿದ್ದರೆ ಮೊದಲ ಪೀಸಿಗೇ ಹೋಗಬಾರದ ನೋಗೋ ಕಡೆ ಒಳಗೆ ಹೋಗಿ ಗೊತ್ತಾಗ್ತಿತ್ತು. ಆದರೆ ಗೇಜ್ ಇದ್ದದ್ದು ನನ್ನ ಸ್ಕೂಟರ್ ಡಿಕ್ಕಿಯಲ್ಲಿ! ಅರವತ್ತು ಪೀಸ್ ಹೋದವು. ಕಾಸ್ಟಿಂಗ್ ಒಂದಕ್ಕೆ ಮುನ್ನೂರೈವತ್ತರಂತೆ ಇಪ್ಪತ್ತೊಂದು ಸಾವಿರದ ಡೆಬಿಟ್ ನೋಟ್ ಬಂತು. ಆ ಪೀಸಿಗೆ ನನಗೆ ಸಿಗ್ತಿದ್ದದ್ದು ನಲವತ್ತೆಂಟು ರೂಪಾಯಿ. ನಾನೂರ ಚಿಲ್ಲರೆ ಪೀಸ್ ಪುಕ್ಕಟೆ ಮಾಡಿಕೊಟ್ಟ ಲೆಕ್ಕ. ಹುಡುಗ ಮರುವಾರವೇ ಬಿಟ್ಟು ಹೋದ. ಅವನದೇನೂ ತಪ್ಪಿರಲಿಲ್ಲ ಬಿಡಿ.

ಆಮೇಲೆ ಒಂದು ಇನ್ನೂರು ಪುಟದ ಪುಸ್ತಕವನ್ನು ಲೇತ್ ಪಕ್ಕ ದಾರ ಕಟ್ಟಿ ತೂಗುಹಾಕಿದೆ. ಮಷೀನ್ ನಿಂತಾಗೆಲ್ಲ ಒಂದು ಸಾಲು ಬರೀಬೇಕು: ಯಾವ ಮಷೀನ್, ಯಾಕೆ ನಿಂತಿತು, ಯಾರನ್ನು ಕರೆದಿರಿ. ಬರೆಯದಿದ್ದರೆ ಚಹಾ ಇಲ್ಲ. ಮೂರು ವಾರಕ್ಕೆ ನೂರನಲವತ್ತು ಸಾಲಿನಷ್ಟು ಆಯ್ತು. ಸಂಜೆ ಹೆಂಡತಿ ಜೊತೆ ಕೂತು ಎಣಿಸಿದೆ. ಐವತ್ತರ ಹತ್ತಿರ ಸಾಲುಗಳು ‘ಅಳತೆ ಸರಿ ಇದೆಯಾ ನೋಡಿ’ ಅನ್ನೋವೇ. ಮೂವತ್ತೈದು ‘ಮಾಲು ಬಂದಿಲ್ಲ, ಟಿಪ್ ಇಲ್ಲ, ಚಲನ್ ಇಲ್ಲ’. ಇಪ್ಪತ್ತೈದು ಸೆಟ್ಟಿಂಗ್. ‘ಆಪರೇಟರ್ ಇಲ್ಲ’ ಅಂತ ಇದ್ದದ್ದು ಹತ್ತೂ ಇಲ್ಲ.

ಹಾಗಾಗಿ ಈ ಸಲ ಮೊದಲು ತಗೊಂಡದ್ದು ಇನ್‌ಸ್ಪೆಕ್ಷನ್‌ಗೆ ಒಬ್ಬ ಡಿಪ್ಲೊಮಾ ಹುಡುಗನನ್ನು, ಹತ್ತೊಂಬತ್ತು ಸಾವಿರಕ್ಕೆ. ಪಕ್ಕದ ಶೆಡ್‌ನ ಕಾಕಾ ನಕ್ಕುಬಿಟ್ಟರು. “ಯಾಕಪಾ, ಮಷೀನ್ ಓಡಿಸೋನ್ನ ಬಿಟ್ಟು ಗೇಜ್ ಹಿಡಿಯೋನಿಗೆ ಪಗಾರ ಕೊಡ್ತೀಯೇನು?” ಅಂದರು. ತಮ್ಮನೂ ಒಂದು ವಾರ ಮುಖ ಊದಿಸಿಕೊಂಡಿದ್ದ. ಯಾಕೆಂದರೆ ಮಷೀನ್ ನಿಲ್ಲಿಸೋ ಅಧಿಕಾರ ಆ ಹುಡುಗನಿಗೆ ಕೊಟ್ಟಿದ್ದೆ, ತಮ್ಮನ ಮಷೀನ್ ಕೂಡ. ಅದಿಲ್ಲದಿದ್ದರೆ ಅವನು ಸುಮ್ನೆ ರಿಪೋರ್ಟ್ ತುಂಬ್ತಾ ಕೂರ್ತಿದ್ದ.

ಅವನಿಂದ ದುಡ್ಡು ಹುಟ್ಟಿದ್ದು ನಾನು ಅಂದುಕೊಳ್ಳದ ಕಡೆ. ಕಾಸ್ಟಿಂಗ್ ಇಳಿಸುವಾಗಲೇ ಮೇಲೆ ಕಾಣೋ ಗಾಳಿ ತೂತು, ಅಂದರೆ ಬ್ಲೋಹೋಲ್‌ಗಳಿಗೆ ಕೆಂಪು ಬಣ್ಣ ಹಚ್ಚಿ ಪಕ್ಕಕ್ಕಿಡ್ತಾನೆ. ಕೊರೆದ ಮೇಲೆ ಕಾಣಿಸಿದ್ದಕ್ಕೆ ಅದೇ ದಿನ ಫೋಟೋ ತೆಗೆದು ಚಲನ್ ನಂಬರ್ ಜೊತೆ ಫೌಂಡ್ರಿಗೆ ಕಳಿಸ್ತಾನೆ. ಹದಿನೈದು ದಿನ ಬಿಟ್ಟು ಹೇಳಿದರೆ ಯಾರೂ ಒಪ್ಪಲ್ಲ, ಅದೇ ದಿನ ಹೇಳಿದರೆ ಅರ್ಧ ಮಷಿನಿಂಗ್ ಚಾರ್ಜ್ ಆದರೂ ಸಿಗುತ್ತೆ. ಈ ಹುಡುಗನನ್ನು ಆರಿಸಿದ್ದು ಇಂಟರ್‌ವ್ಯೂನಿಂದಲ್ಲ. ಇಪ್ಪತ್ತು ಪೀಸ್ ಮುಂದಿಟ್ಟು ಕೆಟ್ಟದ್ದು ಬೇರೆ ಮಾಡು ಅಂದಿದ್ದೆ. ಅದರಲ್ಲಿ ಎಷ್ಟು ಕೆಟ್ಟದ್ದು ಇಡ್ತೀನಿ ಅನ್ನೋದು ಮಾತ್ರ ಇಲ್ಲಿ ಬರೆಯಲ್ಲ, ಮುಂದೆ ಬರೋರು ಓದಿಬಿಟ್ಟರೆ ಕಷ್ಟ.

ಎರಡನೆಯವನು ಓಡಾಟದವನು. ಲೈಸೆನ್ಸ್ ಇರಬೇಕು, ಟೆಂಪೋ ಓಡಿಸಬೇಕು, ಬಂದ ಮೇಲೆ ಸ್ಟೋರ್ ನೋಡಬೇಕು. ಹಳೇ ಟಿಪ್ ಕೊಟ್ಟರಷ್ಟೇ ಹೊಸದು ಅಂತ ಅವನೇ ಶುರು ಮಾಡಿದ. ಟಿಪ್ ಖರ್ಚು ಕಾಲು ಭಾಗದಷ್ಟು ಇಳೀತು. ನಾಲ್ಕು ಮೂಲೆಯ ಟಿಪ್ಪನ್ನು ಎರಡೇ ಮೂಲೆ ಬಳಸಿ ಎಸೀತಿದ್ದರು ಅಂತ ಆಗ ಗೊತ್ತಾಯ್ತು.

ಮೂರನೆಯವನು ಸೆಟ್ಟರ್. ಮೂವತ್ತೆರಡು ಸಾವಿರ. ಆಗ ನಾನು ಮನೆಗೆ ತಗೊಂಡು ಹೋಗ್ತಿದ್ದದ್ದೇ ಅದಕ್ಕಿಂತ ಕಡಿಮೆ! ನಾನು ಮಾಡಿದರೆ ಒಂದು ಜಾಬ್ ಬದಲಾಯಿಸಲು ಫೋನು, ಗಿರಾಕಿ ಎಲ್ಲ ಸೇರಿ ನಾಲ್ಕು ತಾಸು. ಅವನಿಗೆ ಒಂದೂವರೆ. ವಾರಕ್ಕೆ ಎಂಟು ಬದಲಾವಣೆ ಅಂದರೆ ಇಪ್ಪತ್ತು ತಾಸು ಉಳಿತಾಯ. ಮಷೀನ್ ತಾಸಿಗೆ ಮುನ್ನೂರೈವತ್ತು ಹಿಡಿದರೂ ತಿಂಗಳಿಗೆ ಇಪ್ಪತ್ತೆಂಟು ಸಾವಿರ. ಪಗಾರ ಹೆಚ್ಚೂಕಡಿಮೆ ಅಲ್ಲೇ ಬಂತು. ಅವನನ್ನು ಬೇರೆ ಶೆಡ್‌ನವರು ಮೂರು ಸಲ ಕರೆದರು, ಹೋಗಲಿಲ್ಲ. ಅವನ ಜೊತೆ ಏನು ಮಾತಾಗಿದೆ ಅನ್ನೋದು ನಮ್ಮಿಬ್ಬರಿಗೇ ಇರಲಿ.

ಇಷ್ಟಾದ ಮೇಲೆ ಆಪರೇಟರ್‌ಗಳು, ನಾಲ್ವರು, ಎರಡು ಪಾಳಿಗೆ. ಈಗ ಹೊಸಬ ಬಂದರೂ ಮೂರನೇ ದಿನಕ್ಕೆ ಕೆಲಸ ಹತ್ತುತ್ತೆ. ಒಬ್ಬನಿಗೆ ಎರಡು ಮಷೀನ್ ಕೊಟ್ಟೂ ನೋಡಿದೆ. ನಾಲ್ಕು ನಿಮಿಷದ ಸೈಕಲ್‌ಗೆ ಸರಿಹೋಯ್ತು. ಐವತ್ತು ಸೆಕೆಂಡಿನ ಜಾಬಿಗೆ ಅವನು ಓಡಿ ಓಡಿ ಸುಸ್ತಾದ, ಮಷೀನ್ ಬಾಗಿಲು ತೆರೆದು ಕಾಯ್ತಾ ನಿಂತಿತ್ತು. ಅಲ್ಲಿಗೆ ಬಿಟ್ಟೆ. ರಾತ್ರಿ ಪಾಳಿಗೆ ಇನ್‌ಸ್ಪೆಕ್ಷನ್ ಹುಡುಗ ಇರಲ್ಲ. ಆಪರೇಟರೇ ಹತ್ತನೇ ಪೀಸಿಗೊಮ್ಮೆ ಗೇಜ್ ಹಾಕಿ ಬರೀತಾನೆ. ಟ್ರೇ ಬೆಳಿಗ್ಗೆ ನೋಡೋವರೆಗೆ ಪ್ಯಾಕಿಂಗ್‌ಗೆ ಹೋಗಲ್ಲ.

ಎಂಟು, ಒಂಬತ್ತನೆಯವರು ಕೊರೆದ ಅಂಚಿನಲ್ಲಿ ಉಳಿಯೋ ಚೂಪು ಬರ್ ತೆಗೆದು ಪ್ಯಾಕ್ ಮಾಡೋ ಇಬ್ಬರು ಅಕ್ಕಂದಿರು. ಪೀಸಿಗಿಷ್ಟು ಅಂತ ಕೊಟ್ಟು ನೋಡಿದೆ. ಲೆಕ್ಕ ಏರಿತು, ಆದರೆ ಅಡ್ಡ ರಂಧ್ರ ಬೋರಿಗೆ ಸೇರೋ ಜಾಗದಲ್ಲಿ ಬರ್ ಹಾಗೇ ಉಳೀತು. ಹೊರಗಿಂದ ಕಾಣೋದೂ ಇಲ್ಲ. ಒಂದು ಲಾಟ್ ವಾಪಸ್ ಬಂದ ಮೇಲೆ ತಿಂಗಳ ಪಗಾರಕ್ಕೇ ಬಂದೆ.

ಹತ್ತನೆಯವಳು ಆಫೀಸಿಗೆ, ಬಿಲ್ಲು ಮತ್ತು ವಸೂಲಿಗೆ. ಇಲ್ಲಿ ತಡ ಮಾಡಿದೆ. ಪಗಾರ ಹತ್ತನೇ ತಾರೀಖು, ಗಿರಾಕಿ ದುಡ್ಡು ಎಪ್ಪತ್ತೈದು ದಿನಕ್ಕೆ. ಗಿರಾಕಿಗೆ ಫೋನ್ ಮಾಡಿ ಕೇಳೋಕೆ ಹೆಂಡತಿಗೆ ಸಂಕೋಚ, ನನಗೆ ಪುರುಸೊತ್ತಿಲ್ಲ. ಒಂದು ತಿಂಗಳು ಬಂಗಾರ ಅಡವಿಟ್ಟು ಪಗಾರ ಕೊಟ್ಟಿದ್ದೇನೆ. ಹತ್ತನೆಯವಳು ಬಂದ ಮೇಲೆ ಐವತ್ತೈದು ದಿನಕ್ಕೆ ಇಳೀತು. “ಒಂಬತ್ತಕ್ಕೇ ನಿಲ್ಲಿಸಪಾ, ಹತ್ತಾದರೆ ಇಎಸ್‌ಐ” ಅಂತ ಕಾಕಾ ಹೆದರಿಸಿದ್ದರು. ಇಎಸ್‌ಐ ವಿಮೆಗೆ ನಮ್ಮ ಪಾಲು ಪಗಾರದ ಶೇ. 3.25. ಹದಿನೈದು ಸಾವಿರದವರಿಗೆ ಐನೂರು ರೂಪಾಯಿಯೂ ಆಗಲ್ಲ.

ಮನೆಯವರದ್ದೇ ಬಗೆಹರಿಸೋದು ಕಷ್ಟ ಆಯ್ತು. ಅಪ್ಪ ಎಲ್ಲರಿಗೂ ಎಲ್ಲ ಕೆಲಸ ಹೇಳೋರು. ಸೆಟ್ಟರ್ ಒಂದು ಹೇಳಿದರೆ ಅಪ್ಪ ಇನ್ನೊಂದು. ಕೊನೆಗೆ ಗೇಜ್ ಬೀರುವಿನ ಕೀಲಿ ಅವರ ಕೈಗೆ ಕೊಟ್ಟೆ. ಬೆಳಿಗ್ಗೆ ಗೇಜ್ ಕೊಡೋದು, ಸಂಜೆ ಎಣಿಸಿ ಒಳಗಿಡೋದು ಅವರ ಕೆಲಸ. ಅಂದಿನಿಂದ ಒಂದು ಗೇಜೂ ಕಳೆದಿಲ್ಲ, ಸ್ಕೂಟರ್ ಡಿಕ್ಕಿಗೂ ಹೋಗಿಲ್ಲ.

ಸ್ವಂತ ಮಾಲು ಮಾಡಿ ಮಾರೋರಿಗೆ ಈ ಕ್ರಮ ಹೊಂದಲ್ಲ, ಅವರ ಪುಸ್ತಕದಲ್ಲಿ ಬೇರೆಯೇ ಬರಬಹುದು. ಪುಸ್ತಕ ಈಗಲೂ ಲೇತ್ ಪಕ್ಕ ತೂಗ್ತಿದೆ. ಇತ್ತೀಚಿನ ಸಾಲುಗಳಲ್ಲಿ ಜಾಸ್ತಿ ಇರೋದು ಕಂಪ್ರೆಸರ್ ಮತ್ತು ಕೂಲಂಟ್ ಪಂಪು. ಹನ್ನೊಂದನೆಯವನು ಮೇಂಟೆನೆನ್ಸ್ ಹುಡುಗ ಇರಬೇಕು ಅನ್ನಿಸ್ತಿದೆ. ಇನ್ನೆರಡು ವಾರ ಎಣಿಸಿ ನೋಡ್ತೀನಿ.