‘ಮದುವೆ ಆಗ್ತಾನಾ?’ ಅಂತ ಕಾರ್ಡ್ ಕೇಳುವುದನ್ನು ನಿಲ್ಲಿಸಿದೆ

“ಹೌದು-ಇಲ್ಲ ಪ್ರಶ್ನೆ ಬಿಟ್ಟರೆ ಗಿರಾಕಿ ಬರಲ್ಲ ಕಣೇ” ಎಂದು ನನ್ನ ಹಾಗೇ ಟ್ಯಾರೋ ಕಾರ್ಡ್ ನೋಡಿ ಭವಿಷ್ಯ ಹೇಳುವ ಗೆಳತಿಯರೆಲ್ಲ ಹೇಳಿದ್ದರು. ಮೊದಲ ಮೂರು ತಿಂಗಳು ಹಾಗೇ ಆಯಿತು. ಪ್ರಶ್ನೆಗೆ 200 ರೂಪಾಯಿ ಕೊಡುತ್ತಿದ್ದವರು ಬರಲಿಲ್ಲ. ತಿಂಗಳಿಗೆ ಸುಮಾರು 6,000 ಖೋತಾ.

ಆದರೂ ಬಿಡಲು ಕಾರಣವಿತ್ತು. “ವಾಪಸ್ ಬರ್ತಾನಾ?” ಎಂದವಳಿಗೆ ನೇರ ಕಾರ್ಡ್ ಬಂತೆಂದು “ಹೌದು” ಅಂದಿದ್ದೆ. ಅವಳು ಎಂಟು ತಿಂಗಳು ಕಾದಳು. ಅವನು ಬರಲಿಲ್ಲ. ದುಡ್ಡು ವಾಪಸ್ ಕೊಟ್ಟೆ, ಆದರೆ ಅವತ್ತು ನಿದ್ದೆ ಬರಲಿಲ್ಲ. ಮುಂದಿನ ಭಾನುವಾರ ಒಂದೇ ಪ್ರಶ್ನೆಗೆ 20 ಸಲ ಕಲೆಸಿ ತೆಗೆದೆ. ನೇರ ಬಂದರೆ ಹೌದು, ತಲೆಕೆಳಗಾದರೆ ಇಲ್ಲ. ಹನ್ನೊಂದೋ ಹನ್ನೆರಡೋ ಹೌದು, ಉಳಿದದ್ದು ಇಲ್ಲ. ನಾಣ್ಯ ಚಿಮ್ಮಿದರೂ ಇಷ್ಟೇ ಅಲ್ವಾ?

ಪ್ರಶ್ನೆ ಬದಲಿಸುವಾಗಲೂ ಎಡವಿದೆ. “ಯಾವಾಗ ಆಗ್ತಾನೆ?” ಅಂದರೆ ‘ಹೌದು’ ಅದರೊಳಗೇ ಕೂತಿರುತ್ತದೆ. “ಯಾಕೆ ಹೀಗ್ ಮಾಡ್ತಾನೆ?” ಅಂದರೆ ಬರೀ ದೂರು ಬರುತ್ತದೆ. “ಏನು ಮಾಡಿದರೆ ಅವನು ಒಪ್ಪುತ್ತಾನೆ?” ಎನ್ನುವುದೇ ಜಾಸ್ತಿ ಮೋಸ ಮಾಡಿತು. ಕೇಳಲು ಮುಕ್ತ ಪ್ರಶ್ನೆಯಂತಿದ್ದರೂ ಒಳಗೆ ಹಟ ಇರುತ್ತದೆ.

ಕೊನೆಗೆ ಕೈ ಹಿಡಿದದ್ದು ಹೀಗೆ. ಒಬ್ಬಳು ಬಂದಳು. ಐದು ವರ್ಷದ ಪ್ರೀತಿ, ಎರಡು ವರ್ಷದಿಂದ ಅಲ್ಲೇ ನಿಂತಿದೆ. “ಮದುವೆ ಆಗ್ತಾನಾ ಅಕ್ಕಾ?” ಅಂದಳು. ಕಾರ್ಡ್ ಮುಟ್ಟುವ ಮೊದಲು, “ಕೊನೇ ಸಲ ಮಾತು ಎಲ್ಲಿ ನಿಂತಿತು?” ಎಂದೆ. ಅವನ ಮನೆಯವರ ಮಾತು ತೆಗೆದ ಕೂಡಲೇ ಅಂತೆ. ಅದನ್ನೇ ಅವಳ ಕೈಯಲ್ಲಿ ಚೀಟಿಯಲ್ಲಿ ಬರೆಸಿದೆ: “ಮನೆಯ ಮಾತು ಬಂದಾಗ ನಮ್ಮ ನಡುವೆ ಏನು ಅಡ್ಡ ನಿಲ್ಲುತ್ತದೆ? ಅದರಲ್ಲಿ ನನ್ನ ಪಾಲು ಏನು? ನಾನು ಈಗ ಏನು ಮಾಡಬಹುದು?” ಮೂರು ಸಾಲು, ಮೂರು ಕಾರ್ಡ್.

ಫೋರ್ ಆಫ್ ಪೆಂಟಕಲ್ಸ್, ಟೂ ಆಫ್ ಸ್ವೋರ್ಡ್ಸ್, ಪೇಜ್ ಆಫ್ ಸ್ವೋರ್ಡ್ಸ್ ಬಂದವು. ಮೊದಲ ಕಾರ್ಡಿನ ಚಿತ್ರದಲ್ಲಿ ನಾಣ್ಯ ಎದೆಗವಚಿಕೊಂಡು ಕೂತವನನ್ನು ನೋಡಿ, “ದುಡ್ಡಿನ ವಿಷಯ ಅವನು ಬಾಯೇ ಬಿಡಲ್ಲ” ಅಂದಳು. ಎರಡನೆಯದರಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡವಳನ್ನು ನೋಡಿ ಸುಮ್ಮನಾದಳು. ಆಮೇಲೆ, “ನಾನೂ ಕೇಳಿಲ್ಲ, ಭಯ” ಎಂದಳು. ಎರಡನೇ ಸಾಲಿಲ್ಲದಿದ್ದರೆ ಈ ಮಾತು ಹೊರಗೆ ಬರುತ್ತಿರಲಿಲ್ಲ.

ಮೂರನೇ ಕಾರ್ಡ್ ನೋಡಿ, ಅವನಿಗೂ “ಮದುವೆ ಆಗ್ತೀಯಾ ಇಲ್ವಾ?” ಅನ್ನಬೇಡ ಎಂದೆ. “ಮನೆಯಲ್ಲಿ ಹೇಳಬೇಕು ಅಂದಾಗ ನಿನ್ನ ಮನಸ್ಸಿಗೆ ಮೊದಲು ಬರುವ ಭಯ ಏನು?” ಅಂತ ಕೇಳಲು ಹೇಳಿದೆ. ಅಪ್ಪನ ಸಾಲ ಅವನ ತಲೆ ಮೇಲಿತ್ತು. ಇಬ್ಬರೂ ಈಗ ಅದರ ಲೆಕ್ಕ ಹಾಕುತ್ತಿದ್ದಾರೆ. ಮದುವೆ ಇನ್ನೂ ಗೊತ್ತಾಗಿಲ್ಲ.

ಚೀಟಿಯಲ್ಲಿ ‘ಅವನು’ ಎಂಬ ಪದ ‘ನಾನು’ಗಿಂತ ಜಾಸ್ತಿ ಬಂದರೆ ಮತ್ತೆ ಬರೆಸುತ್ತೇನೆ. ಅವನು ಆಗಲೇ ಬಿಟ್ಟು ಹೋಗಿದ್ದರೆ ಅಥವಾ ಕೈ ಮಾಡುವವನಾದರೆ ಕಾರ್ಡ್ ಹಾಕುವುದೇ ಇಲ್ಲ. ಈಗ ನಲವತ್ತು ನಿಮಿಷಕ್ಕೆ 700 ತೆಗೆದುಕೊಳ್ಳುತ್ತೇನೆ. ವಾರದಲ್ಲಿ ಎಂಟು-ಒಂಬತ್ತು ಜನ ಬರುತ್ತಾರೆ, ಹಳಬರೇ ಹೊಸಬರನ್ನು ಕಳಿಸುತ್ತಾರೆ. ಬೇಡ ಅಂದ ಗೆಳತಿಯರಲ್ಲಿ ಇಬ್ಬರು ಹೋದ ತಿಂಗಳು ಚೀಟಿಯ ಸಾಲು ಕೇಳಿ ಬರೆದುಕೊಂಡು ಹೋದರು.